ಟ್ರ್ಯಾಕ್ಟರ್ ಮೀಮ್‌ಗೆ ಡ್ರೈವರ್ ನಕ್ಕ, ಕೋಳಿ ಮೀಮ್‌ಗೆ ಹುಡುಗ ಪೇಜ್ ಬಿಟ್ಟ

ಪ್ರಶ್ನೆ: ನಮಸ್ಕಾರ ಅಕ್ಕಾರ. ನಾವು ಮೂವರು ಗೆಳೆಯರು ಮುಧೋಳದಿಂದ ಒಂದು ಮೀಮ್ ಪೇಜ್ ನಡೆಸುತ್ತೇವೆ. ಜೋರಾಗಿ ಹಾಡು ಹಚ್ಚಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರ್ ಫೋಟೋ ಹಾಕಿ ‘ಹಾರ್ನ್ ಯಾಕ ಬೇಕು? ನಮ್ಮ ಹಾಡು ಮುಂದಿನ ಊರಿಗೆ ಮೊದಲ ಮುಟ್ಟಿರತೈತಿ’ ಅಂತ ಬರೆದೆವು. ಡ್ರೈವರ್‌ಗಳೇ ಶೇರ್ ಮಾಡಿದರು. ಮರುವಾರ ಕಬ್ಬು ಕಡಿಯುವವರ ಗುಡಿಸಲಿನ ಫೋಟೋ ಹಾಕಿ ‘ಗ್ಯಾಂಗ್ ಬಂತು, ಕೋಳಿ ಒಳಗ ಹಾಕ್ರಿ’ ಅಂತ ಬರೆದೆವು. ಅದಕ್ಕೂ ಲೈಕ್ ಜಾಸ್ತಿನೇ ಬಂತು. ಆದರೆ ಒಬ್ಬ ಹುಡುಗ ‘ನಮ್ಮವ್ವನೂ ಗ್ಯಾಂಗಿನ್ಯಾಗ ಅದಾಳ’ ಎಂದು ಬರೆದು ಪೇಜ್ ಬಿಟ್ಟು ಹೋದ. ಯಾರೋ ರಿಪೋರ್ಟ್ ಮಾಡಿದ್ದರಂತೆ, ‘ನಿಯಮ ಮುರಿದಿಲ್ಲ’ ಅಂತ ಉತ್ತರ ಬಂತಂತೆ. ಎರಡೂ ಚಾಷ್ಟಿನೇ ಅಲ್ವಾ? ವ್ಯತ್ಯಾಸ ಎಲ್ಲಿದೆ?

ಉತ್ತರ:

ಒಂದು ಹಾಳೆ ತೆಗೆದುಕೊಳ್ಳಿ. ಎರಡೂ ಮೀಮ್‌ಗಳ ಹೆಸರು ಬರೆಯಿರಿ. ಪ್ರತಿಯೊಂದರ ಕೆಳಗೆ, ಆ ಮೀಮ್‌ನಲ್ಲಿ ಬರೆಯದೇ ಬಿಟ್ಟ ಮಾತನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಅಂದರೆ, ನೋಡಿದವನಿಗೆ ನಗು ಬರಬೇಕಾದರೆ ಅವನು ಮೊದಲೇ ಯಾವ ಮಾತನ್ನು ನಿಜ ಎಂದು ಒಪ್ಪಿರಬೇಕು?

ಟ್ರ್ಯಾಕ್ಟರ್ ಮೀಮ್‌ಗೆ ಆ ಸಾಲು ಹೀಗಿರುತ್ತದೆ: ‘ಕಬ್ಬಿನ ಟ್ರ್ಯಾಕ್ಟರ್‌ನವರು ಹಾಡನ್ನು ಬಹಳ ಜೋರಾಗಿ ಹಚ್ಚುತ್ತಾರೆ.’ ಇದು ಕಣ್ಣಾರೆ ಕಂಡ ಮಾತು, ಕಿವಿಯಾರೆ ಕೇಳಿದ ಮಾತು. ಡ್ರೈವರ್‌ಗಳೂ ಅಲ್ಲ ಅನ್ನುವುದಿಲ್ಲ. ಸ್ಪೀಕರ್ ಕೂರಿಸಲು ಕೈಯಿಂದ ದುಡ್ಡು ಹಾಕಿದವರು ಅವರೇ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ರಾತ್ರಿಯಿಡೀ ಓಡಿಸುವವನಿಗೆ ನಿದ್ದೆ ಹತ್ತಿರ ಬರದಂತೆ ಕಾಯುವುದು ಆ ಹಾಡೇ. ಮೀಮ್ ಅವನ ಇಷ್ಟದ ಸಂಗತಿಯನ್ನೇ ಸ್ವಲ್ಪ ಉಬ್ಬಿಸಿ ತೋರಿಸಿತು. ಅದಕ್ಕೇ ಅವನು ಅದನ್ನು ತನ್ನ ಸ್ಟೇಟಸ್‌ಗೆ ಹಾಕಿಕೊಂಡ.

ಕೋಳಿ ಮೀಮ್‌ಗೆ ಬರುವ ಸಾಲು ಬೇರೆ: ‘ಕಬ್ಬು ಕಡಿಯಲು ಬರುವವರು ಕಳ್ಳರು.’ ಇದನ್ನು ಒಪ್ಪದವನಿಗೆ ಆ ಮೀಮ್‌ನಲ್ಲಿ ನಗಲು ಏನೂ ಇಲ್ಲ. ಗುಡಿಸಲಿನ ಫೋಟೋದಲ್ಲಿ ಹಾಸ್ಯ ಇಲ್ಲ, ಕೋಳಿಯಲ್ಲೂ ಇಲ್ಲ. ಇಡೀ ನಗು ನಿಂತಿರುವುದು ಆ ಬರೆಯದ ಸಾಲಿನ ಮೇಲೆ. ಆ ಸಾಲನ್ನು ನೀವು ನೇರವಾಗಿ ಪೇಜ್‌ನಲ್ಲಿ ಬರೆಯುತ್ತಿದ್ದಿರಾ? ಖಂಡಿತ ಇಲ್ಲ ಅಂದುಕೊಳ್ಳುತ್ತೇನೆ. ಬಾಯಿಬಿಟ್ಟು ಹೇಳಲು ಹಿಂಜರಿಯುವ ಮಾತನ್ನು ಮೀಮ್ ನಿಮ್ಮ ಪರವಾಗಿ ಹೇಳಿಬಿಟ್ಟಿತು.

ನಿಮ್ಮ ಸಾಲಿನ ಕಟ್ಟನ್ನೂ ಗಮನಿಸಿ. ನಮ್ಮ ಕಡೆ ಈ ಕಟ್ಟು ಮೊದಲಿನಿಂದಲೂ ಇದೆ. ‘ಮಳಿ ಬಂತು, ಕಾಳು ಒಳಗ ಹಾಕ್ರಿ’ ಅನ್ನುತ್ತೇವೆ. ‘ನರಿ ಬಂತು, ಕೋಳಿ ಒಳಗ ಹಾಕ್ರಿ’ ಅನ್ನುತ್ತೇವೆ. ಹಾಳು ಮಾಡುವುದೇ ಸ್ವಭಾವವಾದ ಒಂದು ಬರುತ್ತಿದೆ, ನಮ್ಮದನ್ನು ಕಾಪಾಡಿಕೊಳ್ಳಬೇಕು ಎಂಬ ಎಚ್ಚರಿಕೆ ಅದು. ನರಿ ಇದ್ದ ಜಾಗಕ್ಕೆ ನೀವು ಮನುಷ್ಯರನ್ನು ತಂದಿಟ್ಟಿರಿ. ಅವರು ಇನ್ನೂ ಏನೂ ಮಾಡಿಲ್ಲ, ‘ಬಂತು’ ಅಷ್ಟೇ. ಬಂದಿದ್ದೇ ತಪ್ಪಾಯಿತು. ‘ನಿಜವಾಗಲೂ ಒಮ್ಮೆ ನಮ್ಮೂರಲ್ಲಿ ಕೋಳಿ ಕಳವಾಗಿತ್ತು’ ಎಂದು ಯಾರಾದರೂ ಹೇಳಬಹುದು. ಆಗಿರಬಹುದು. ಕದ್ದವನು ಒಬ್ಬ, ಅವನಿಗೆ ಹೆಸರಿದೆ, ಅದಕ್ಕೆ ಪೊಲೀಸ್ ಠಾಣೆ ಇದೆ. ಮೀಮ್ ದೂರುತ್ತಿರುವುದು ಅವನನ್ನಲ್ಲ. ಮುಂದಿನ ವರ್ಷ ಹೊಸದಾಗಿ ಬರುವ, ಇನ್ನೂ ನಮ್ಮ ಊರಿನ ಹೆಸರೇ ಕೇಳದ ಹೆಂಗಸನ್ನೂ ಅದು ಈಗಲೇ ಕಳ್ಳಿ ಮಾಡಿಟ್ಟಿದೆ.

ಈ ಪರೀಕ್ಷೆಯಿಂದಲೂ ಸಂಶಯ ತೀರದಿದ್ದರೆ ಅದಲುಬದಲು ಮಾಡಿ ನೋಡಿ. 2020ರಲ್ಲಿ ಫೇಸ್‌ಬುಕ್‌ನ ಸಂಶೋಧಕರು ದ್ವೇಷದ ಮೀಮ್‌ಗಳನ್ನು ಪತ್ತೆ ಹಚ್ಚುವ ಕೆಲಸಕ್ಕಾಗಿ ಹತ್ತು ಸಾವಿರದಷ್ಟು ಮೀಮ್‌ಗಳ ಒಂದು ಸಂಗ್ರಹ ಮಾಡಿದ್ದರು. ಅದರಲ್ಲಿ ಎಷ್ಟೋ ಮೀಮ್‌ಗಳಿಗೆ ಜೋಡಿಗಳಿದ್ದವು. ಬರಹ ಅದೇ, ಚಿತ್ರ ಮಾತ್ರ ಬೇರೆ. ಇಲ್ಲವೇ ಚಿತ್ರ ಅದೇ, ಬರಹ ಬೇರೆ. ಒಂದು ಬದಲಾದರೆ ಸಾಕು, ಕ್ರೂರವಾಗಿದ್ದದ್ದು ಸುಮ್ನೆ ಮಾತಾಗುತ್ತಿತ್ತು. ‘ಇವತ್ತು ನಿನ್ನ ವಾಸನೆ ಚೆನ್ನಾಗಿದೆ’ ಎಂಬ ಸಾಲು ಗುಲಾಬಿಯ ಚಿತ್ರದ ಜೊತೆ ಮೆಚ್ಚುಗೆ. ಅದೇ ಸಾಲು ನಾರುವ ಪ್ರಾಣಿಯ ಚಿತ್ರದ ಜೊತೆ ಅವಮಾನ. ಬರಹವನ್ನಷ್ಟೇ ಓದಿ, ಅಥವಾ ಚಿತ್ರವನ್ನಷ್ಟೇ ನೋಡಿ ತೀರ್ಪು ಕೊಡಲು ಆಗುವುದಿಲ್ಲ ಎಂದು ತೋರಿಸಲು ಅವರು ಹಾಗೆ ಮಾಡಿದ್ದರು.

ನಿಮ್ಮ ಕೋಳಿ ಮೀಮ್‌ಗೂ ಹೀಗೇ ಮಾಡೋಣ. ಬರಹ ಅದೇ ಇರಲಿ. ಗುಡಿಸಲಿನ ಫೋಟೋ ತೆಗೆದು, ಭಾನುವಾರ ನೀವು ಮೂವರು ಗೆಳೆಯರು ಒಂದೇ ಬೈಕ್ ಮೇಲೆ ನಿಮ್ಮ ಅತ್ತೆಯ ಮನೆ ಮುಂದೆ ಇಳಿಯುವ ಫೋಟೋ ಹಾಕಿ. ‘ಗ್ಯಾಂಗ್ ಬಂತು, ಕೋಳಿ ಒಳಗ ಹಾಕ್ರಿ.’ ನಗು ಬಂತು ಅಲ್ವಾ? ಈಗ ಬರೆಯದ ಸಾಲು ಯಾವುದು? ‘ಈ ಮೂವರು ಬಂದರೆ ಅತ್ತೆ ಕೋಳಿ ಕೊಯ್ಯಲೇಬೇಕು.’ ಅತ್ತೆಗೆ ನೀವು ಗೊತ್ತು. ನಿಮಗೆ ಅತ್ತೆ ಗೊತ್ತು. ಅತ್ತೆ ಎದುರಿಗೇ ನಿಮ್ಮನ್ನು ಬೈದು, ಬೈಯುತ್ತಲೇ ರೊಟ್ಟಿ ಬಡಿಸುತ್ತಾಳೆ. ಒಂದಕ್ಷರವೂ ಬದಲಾಗಲಿಲ್ಲ. ಬದಲಾಗಿದ್ದು ಯಾರ ಮೇಲೆ ಮತ್ತು ಯಾವ ಸಂಬಂಧದ ಮೇಲೆ ಎಂಬುದು ಮಾತ್ರ. ಆದ್ದರಿಂದ ‘ನಾವು ಬರೆದ ಮಾತಿನಲ್ಲಿ ಕೆಟ್ಟದ್ದೇನಿದೆ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಮಾತಿನೊಳಗೆ ಕೆಟ್ಟದ್ದು ಇರಲೂ ಇಲ್ಲ.

ಸಂಬಂಧದ ಮಾತು ಬಂದಿದ್ದರಿಂದ ಬೀಗರ ಹಾಡಿನ ಬಗ್ಗೆ ಹೇಳಬೇಕು. ಚಾಷ್ಟಿಯ ವಿದ್ಯೆಯನ್ನು ನಾನು ಮೊದಲು ಕಲಿತದ್ದು ಅಲ್ಲಿಯೇ. ಮದುವೆಯಲ್ಲಿ ಈ ಕಡೆ ಹೆಂಗಸರು ಆ ಕಡೆಯ ಬೀಗರನ್ನು ಹಾಡಿನಲ್ಲೇ ಜಾಲಾಡುತ್ತಾರೆ. ಬೀಗ ಎಷ್ಟು ತಿಂದ, ಬೀಗತಿ ಹೇಗೆ ನಡೆದಳು, ತಂದ ಸೀರೆ ಎಂಥದು. ಕೇಳಿದರೆ ಜಗಳವೇ ಆಗಬೇಕು, ಆದರೆ ಆಗುವುದಿಲ್ಲ. ಯಾಕೆಂದರೆ ಮುಂದಿನ ಸರದಿ ಅವರದು. ಅವರು ಎರಡರಷ್ಟು ಹಾಡಿ ತೀರಿಸಿಕೊಳ್ಳುತ್ತಾರೆ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತಿರುತ್ತಾರೆ, ನಾಳೆಯಿಂದ ಬಳಗ.

ನನ್ನ ಅಜ್ಜಿ ಜಮಖಂಡಿ ಕಡೆಯ ಹಳ್ಳಿಗಳಲ್ಲಿ ಈ ಹಾಡಿಗೆ ಹೆಸರಾದವಳು. ಅವಳ ಬಾಯಿಗೆ ಸಿಕ್ಕವರು ಉಳಿಯುತ್ತಿರಲಿಲ್ಲ. ಆದರೆ ಒಂದು ಮದುವೆಯಲ್ಲಿ ಅವಳು ‘ಸೀರೆ’ಯ ಹಾಡನ್ನು ಬಿಟ್ಟೇ ಬಿಟ್ಟಳು. ಆ ವರ್ಷ ಬರ ಬಿದ್ದಿತ್ತು. ಹುಡುಗನ ಮನೆಯವರು ಸಾಲ ಮಾಡಿ ಸೀರೆ ತಂದಿದ್ದರು. ಉಳ್ಳವನಿಗೆ ಜಿಪುಣ ಎಂದರೆ ಅವನು ನಗುತ್ತಾನೆ. ಇಲ್ಲದವನಿಗೆ ಜಿಪುಣ ಎಂದರೆ ಅವನ ಗಾಯಕ್ಕೇ ಕೈ ಹಾಕಿದಂತೆ. ಅಜ್ಜಿಗೆ ಹಾಡು ಅದೇ, ರಾಗ ಅದೇ. ಎದುರಿಗೆ ಕೂತವರು ಯಾರು ಎಂದು ನೋಡಿ ಆರಿಸುತ್ತಿದ್ದಳು.

ಈಗ ಗ್ಯಾಂಗಿನವರನ್ನು ಆ ಚಾಪೆಯ ಮೇಲೆ ಕೂರಿಸಿ ನೋಡಿ. ಮಹಾರಾಷ್ಟ್ರದ ಬೀಡ ಕಡೆಯಿಂದ, ನಮ್ಮದೇ ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಗಂಡ ಹೆಂಡತಿ ಜೋಡಿಯಾಗಿ ಬರುತ್ತಾರೆ. ದೀಪಾವಳಿಯ ಆಸುಪಾಸು ಬಂದವರು ಸೀಸನ್ ಮುಗಿಯುವವರೆಗೆ ಹೊಲದ ಬದಿಯಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಾರೆ. ಕೂಲಿ ಟನ್ ಲೆಕ್ಕ. ಗ್ಯಾಂಗ್ ಕಟ್ಟಿಕೊಂಡು ಬರುವ ಮುಕಾದಮನಿಂದ ಮೊದಲೇ ಮುಂಗಡ ತಂದಿರುತ್ತಾರೆ, ಆದ್ದರಿಂದ ಬೇಸರವಾದರೂ ಎದ್ದು ಹೋಗುವಂತಿಲ್ಲ. ಬಹಳ ಮಂದಿಗೆ ಕನ್ನಡ ಓದಲು ಬರುವುದಿಲ್ಲ. ನಿಮ್ಮ ಪೇಜ್ ನೋಡುವವರಲ್ಲಿ ಎಷ್ಟೋ ಮಂದಿ ಅವರು ಕಬ್ಬು ಕಡಿಯುವ ಹೊಲದ ಮಾಲೀಕರ ಮಕ್ಕಳು. ನೀವು ಹಾಡಿದಿರಿ. ಅವರ ಸರದಿ ಯಾವಾಗ? ‘ಹೊಲದ ಮಾಲೀಕರ’ ಮೇಲೆ ಒಂದು ಮೀಮ್ ಮಾಡಿ ಅದೇ ಪೇಜ್‌ಗೆ ಕಳಿಸಿದ್ದರೆ ನೀವು ಹಾಕುತ್ತಿದ್ದಿರಾ? ಉತ್ತರ ಕೊಟ್ಟವನು ಒಬ್ಬನೇ ಹುಡುಗ, ಅವನೂ ಕೊಟ್ಟು ಹೊರಟು ಹೋದ.

ಇನ್ನು ‘ಕಳ್ಳರು’ ಎಂಬ ಮಾತೇ ಯಾಕೆ ಬೇರೆ ಎಂಬುದಕ್ಕೆ ನಮ್ಮ ನೆಲದಲ್ಲೇ ಒಂದು ಕಾರಣ ಇದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮೀಮ್ ಮಾಡುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. 1871ರಲ್ಲಿ ಬ್ರಿಟಿಷರು ಒಂದು ಕಾಯಿದೆ ತಂದರು. ಕೆಲವು ಸಮುದಾಯಗಳು ಹುಟ್ಟಿನಿಂದಲೇ ಅಪರಾಧಿಗಳು ಎಂದು ಅದು ಹೇಳಿತು. ಕದ್ದಿದ್ದಾನೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ, ಆ ಮನೆಯಲ್ಲಿ ಹುಟ್ಟಿದರೆ ಸಾಕು. ಮುಂದೆ ಆ ಕಾಯಿದೆ ಮುಂಬೈ ಪ್ರಾಂತಕ್ಕೂ ಬಂತು. ಆಗ ಬಿಜಾಪುರ ಆ ಪ್ರಾಂತದಲ್ಲೇ ಇತ್ತು. ಹೀಗೆ ಗುರುತು ಹಚ್ಚಿದವರನ್ನು ಬೇಲಿ ಹಾಕಿದ ಜಾಗದಲ್ಲಿ ಇಡುತ್ತಿದ್ದರು. ಅದಕ್ಕೆ ಸೆಟ್ಲಮೆಂಟ್ ಅನ್ನುತ್ತಿದ್ದರು. ಬಿಜಾಪುರದಲ್ಲೂ ಇತ್ತು, ಹುಬ್ಬಳ್ಳಿಯಲ್ಲೂ ಗದಗದಲ್ಲೂ ಇತ್ತು. ಒಳಗಿದ್ದವರು ದಿನವೂ ಹಾಜರಿ ಕೊಡಬೇಕು, ಊರು ಬಿಡಲು ಚೀಟಿ ಬೇಕು. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಕಾಯಿದೆ ರದ್ದಾಯಿತು. ಆ ಸಮುದಾಯಗಳನ್ನು ಈಗ ವಿಮುಕ್ತರು ಎಂದು ಕರೆಯುತ್ತಾರೆ.

ಕಬ್ಬು ಕಡಿಯುವವರೆಲ್ಲ ಆ ಸಮುದಾಯಗಳವರಲ್ಲ. ಆದರೆ ಕಾಯಿದೆ ಹೋದರೂ ಕಣ್ಣು ಹೋಗಲಿಲ್ಲ. ಗುಡಿಸಲು ಹಾಕಿಕೊಂಡು ಊರ ಹೊರಗೆ ಇಳಿದವರನ್ನು ಕಂಡ ಕೂಡಲೇ ಬಾಗಿಲಿಗೆ ಚಿಲಕ ಹಾಕುವ ರೂಢಿ ಹಾಗೇ ಉಳಿಯಿತು. ಟ್ರ್ಯಾಕ್ಟರ್ ಡ್ರೈವರ್‌ಗೆ ಹಾಡಿನ ಕಾರಣಕ್ಕೆ ಯಾರೂ ಮನೆ ಬಾಡಿಗೆಗೆ ಕೊಡುವುದನ್ನು ನಿಲ್ಲಿಸಿಲ್ಲ. ಊರಲ್ಲಿ ಮೋಟರ್ ಕಳವಾದ ದಿನ ಪೊಲೀಸರು ಮೊದಲು ಹೋಗುವುದು ಯಾವ ಗುಡಿಸಲಿಗೆ ಎಂದು ನಿಮಗೂ ಗೊತ್ತು. ಯಾವ ಮಾತಿನಿಂದ ಒಂದು ಗುಂಪಿಗೆ ದಿನನಿತ್ಯದಲ್ಲಿ ನಷ್ಟ ಆಗುತ್ತಿದೆಯೋ, ಆ ಮಾತನ್ನು ಹಾಸ್ಯದಲ್ಲಿ ಹೇಳಿದರೂ ಅದು ಆ ನಷ್ಟದ ಲೆಕ್ಕಕ್ಕೇ ಸೇರುತ್ತದೆ.

‘ನಮ್ಮ ಮೀಮ್ ನೋಡಿ ಯಾರೂ ಕೆಟ್ಟವರಾಗುವುದಿಲ್ಲ’ ಎಂಬ ಮಾತು ನಿಮ್ಮ ಮನಸ್ಸಿನಲ್ಲಿ ಇರಬಹುದು. ಅರ್ಧ ನಿಜ ಅದು. ಥಾಮಸ್ ಫೋರ್ಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇನ್ನೊಬ್ಬರನ್ನು ಕೀಳು ಮಾಡುವ ಹಾಸ್ಯದ ಮೇಲೆ ಬಹಳ ವರ್ಷ ಪ್ರಯೋಗ ಮಾಡಿದ್ದಾರೆ. ಇಂಥ ಹಾಸ್ಯ ಒಳ್ಳೆ ಮನಸ್ಸಿನಲ್ಲಿ ಹೊಸದಾಗಿ ದ್ವೇಷ ಹುಟ್ಟಿಸುತ್ತದೆ ಎಂದು ಅವರು ಹೇಳುವುದಿಲ್ಲ. ಮೊದಲೇ ಒಳಗೆ ತಿರಸ್ಕಾರ ಇಟ್ಟುಕೊಂಡವನಿಗೆ ಅದು ಸಡಿಲು ಕೊಡುತ್ತದೆ ಎನ್ನುತ್ತಾರೆ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೆಂಗಸರ ಬಗ್ಗೆ ಮೊದಲೇ ಕಹಿ ಇದ್ದ ಗಂಡಸರು ಹೆಂಗಸರನ್ನು ಕೀಳು ಮಾಡುವ ಜೋಕ್ ಓದಿದ ಮೇಲೆ ಮಹಿಳಾ ಸಂಘಟನೆಗೆ ಕಡಿಮೆ ದುಡ್ಡು ಕೊಡಲು ಮುಂದಾದರು. ಅದೇ ಕಹಿ ಇದ್ದವರು ಬೇರೆ ಜೋಕ್ ಓದಿದಾಗ ಹಾಗೆ ಮಾಡಲಿಲ್ಲ. ಸುತ್ತಲಿನವರು ನಗುತ್ತಿದ್ದಾರೆ ಎಂದರೆ ‘ಇದು ನಡೆಯುತ್ತದೆ’ ಎಂದು ಅವನಿಗೆ ಧೈರ್ಯ ಬರುತ್ತದೆ. ನಿಮಗೆ ಬಂದ ಸಾವಿರ ಲೈಕ್ ಆ ಧೈರ್ಯವನ್ನೇ ಕೊಡುವುದು.

ಇದನ್ನು ಕಾಮೆಂಟ್‌ಗಳಲ್ಲಿ ಕಣ್ಣಾರೆ ನೋಡಬಹುದು. ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಕನ್ನಡ, ಮರಾಠಿ ಪೋಸ್ಟ್‌ಗಳ ಮೇಲೆ ಬಂದ ದೂರುಗಳನ್ನು ಪರಿಶೀಲಿಸುವ ಕೆಲಸ ಮಾಡಿದೆ. ಶುರುವಿನಲ್ಲಿ ಒಂದು ತಪ್ಪು ಮಾಡಿದೆ. ಚಿಂದಿ ಆಯುವವರ ಮೇಲಿನ ಒಂದು ಮೀಮ್ ಬಂತು. ಕೆಳಗೆ ಬರೀ ನಗುವ ಮುಖಗಳು. ಸುಮ್ನೆ ಚಾಷ್ಟಿ ಎಂದು ಬಿಟ್ಟುಬಿಟ್ಟೆ. ಎರಡು ದಿನದ ನಂತರ ಅದರ ಮೇಲೆ ಮತ್ತೆ ದೂರು ಬಂದಾಗ ಕಾಮೆಂಟ್‌ಗಳನ್ನು ಪೂರ್ತಿ ಇಳಿಸಿ ಓದಿದೆ. ನಗುವ ಮುಖಗಳು ಮೇಲೆ ಮಾತ್ರ ಇದ್ದವು. ಕೆಳಗೆ ‘ಇವರನ್ನ ಓಣಿಯೊಳಗ ಬಿಡಬಾರದು’ ಅಂತ ಒಬ್ಬ. ‘ಈಗ ಎಲ್ಲಿ ಅದಾರ ಇವರು?’ ಅಂತ ಇನ್ನೊಬ್ಬ. ಅವನಿಗೆ ಮೂರನೆಯವನು ಜಾಗದ ಹೆಸರು ಕೊಟ್ಟಿದ್ದ. ನನ್ನ ಕೈ ತಣ್ಣಗಾಯಿತು. ಆಮೇಲೆ ಪೋಸ್ಟ್‌ಗಿಂತ ಮೊದಲು ಕಾಮೆಂಟ್ ಓದುವ ರೂಢಿ ಮಾಡಿಕೊಂಡೆ.

ನೀವೂ ಹಾಗೇ ಓದಿ. ಅಕ್ಕರೆಯ ಚಾಷ್ಟಿಯ ಕೆಳಗೆ ಜನ ತಮ್ಮನ್ನೇ ಟ್ಯಾಗ್ ಮಾಡಿಕೊಳ್ಳುತ್ತಾರೆ. ‘ಇದು ನಾನ’, ‘ನಮ್ಮ ಮಾವ ಹಿಂಗ ಮಾಡ್ತಾನ’. ಡ್ರೈವರ್ ಮೀಮ್ ಕೆಳಗೆ ಅಂಥವೇ ಇರುತ್ತವೆ. ಗುಂಪಿನ ಮೇಲಿನ ಏಟಾಗಿದ್ದರೆ ಕೆಳಗೆ ‘ಅವರು’, ‘ಇಂಥವರು’ ಬರುತ್ತಾರೆ. ‘ಹೋದ ವರ್ಷ ನಮ್ಮಲ್ಲಿ ಹಿಂಗಾತು’ ಎಂದು ಸಾಕ್ಷಿ ಹೇಳುವವರು ಬರುತ್ತಾರೆ. ಜೋಕ್‌ಗೆ ಯಾರಾದರೂ ಸಾಕ್ಷಿ ಕೊಡುತ್ತಾರಾ? ಅದನ್ನು ಆರೋಪ ಎಂದು ತಿಳಿದವರು ಮಾತ್ರ ಕೊಡುತ್ತಾರೆ.

ರಿಪೋರ್ಟ್‌ಗೆ ಬಂದ ಉತ್ತರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನಡೆಸುವ ಮೆಟಾದ ನಿಯಮದಲ್ಲಿ ರಕ್ಷಣೆ ಇರುವ ಗುರುತುಗಳ ಪಟ್ಟಿ ಇದೆ. ಜಾತಿ, ಧರ್ಮ, ಲಿಂಗ, ಅಂಗವೈಕಲ್ಯ ಅದರಲ್ಲಿವೆ. ಬರೀ ಉದ್ಯೋಗ ಇಲ್ಲ. ನಿಮ್ಮ ಮೀಮ್‌ನಲ್ಲಿ ಜಾತಿಯ ಹೆಸರಿಲ್ಲ, ‘ಗ್ಯಾಂಗ್’ ಎಂದಷ್ಟೇ ಇದೆ. ದೂರದಲ್ಲಿ ಕೂತು ನೋಡುವವನಿಗೆ ಅದು ಒಂದು ಕೆಲಸದ ಹೆಸರು. ಆ ಗುಡಿಸಲುಗಳಲ್ಲಿ ಇರುವವರಲ್ಲಿ ಬಹಳ ಮಂದಿ ವಂಜಾರಿ, ಲಂಬಾಣಿ, ದಲಿತ ಕುಟುಂಬದವರು ಎಂಬುದು ಮುಧೋಳದವರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಆ 2020ರ ಸಂಗ್ರಹದ ಮೀಮ್‌ಗಳನ್ನು ಕೆಲಸಕ್ಕೆಂದೇ ನೋಡಿದ ಮನುಷ್ಯರೂ ನೂರಕ್ಕೆ 85ರಷ್ಟನ್ನು ಮಾತ್ರ ಸರಿಯಾಗಿ ಗುರುತಿಸಿದ್ದರು. ಹಾಗಾಗಿ ‘ನಿಯಮ ಮುರಿದಿಲ್ಲ’ ಎಂಬುದನ್ನು ‘ನೋವಾಗಿಲ್ಲ’ ಎಂದು ಓದಬೇಡಿ.

ಒಂದು ಕಡೆ ಮಾತ್ರ ಈ ಪರೀಕ್ಷೆಗಳೂ ತಡವರಿಸುತ್ತವೆ. ಆ ಗುಂಪಿನವರೇ ತಮ್ಮ ಮೇಲೆ ಜೋಕ್ ಮಾಡಿದಾಗ. ನನ್ನ ತಮ್ಮ ಗೋವಾದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಅಲ್ಲಿ ನಮ್ಮ ಕಡೆಯವರನ್ನು ‘ಘಾಟಿ’ ಅನ್ನುತ್ತಾರೆ. ಘಟ್ಟದ ಮೇಲಿನವರು ಎಂದಷ್ಟೇ ಅದರ ಅರ್ಥ, ಆದರೆ ಹೇಳುವ ಬಾಯಿಯಲ್ಲಿ ಅದು ಬೈಗುಳ. ತಮ್ಮನೂ ಅವನ ರೂಮಿನ ಹುಡುಗರೂ ಒಬ್ಬರನ್ನೊಬ್ಬರು ಘಾಟಿ ಎಂದು ಕರೆದುಕೊಂಡು ಬಿದ್ದು ಬಿದ್ದು ನಗುತ್ತಾರೆ. ಅದೇ ಶಬ್ದವನ್ನು ಕೆಲಸದ ಜಾಗದಲ್ಲಿ ಒಬ್ಬ ಅಂದ ದಿನ ಅವನು ಊಟ ಬಿಟ್ಟು ಮಲಗಿದ್ದ. ನಾಳೆ ಗ್ಯಾಂಗಿನ ಹುಡುಗನೇ ತನ್ನ ಗುಡಿಸಲಿನ ಮೇಲೆ ಒಂದು ಮೀಮ್ ಮಾಡಬಹುದು. ಅದು ಅವನ ರೂಮಿನ ನಗು. ಅದನ್ನು ನೀವು ಎತ್ತಿ ನಿಮ್ಮ ಪೇಜ್‌ಗೆ ಹಾಕಿದರೆ ಬರಹ ಅದೇ ಇರುತ್ತದೆ, ಹೇಳುವ ಬಾಯಿ ಬದಲಾಗುತ್ತದೆ. ಅವನನ್ನು ಕೇಳಿ, ಅವನ ಹೆಸರಿನಲ್ಲೇ ಇರಲಿ. ಅವನು ಬೇಡ ಅಂದರೆ ಬೇಡ.

ಈಗ ಮಾಡಬೇಕಾದ್ದು. ಪೋಸ್ಟ್ ತೆಗೆಯಿರಿ. ಆದರೆ ಸದ್ದಿಲ್ಲದೆ ತೆಗೆಯಬೇಡಿ, ಯಾಕೆಂದರೆ ಅದನ್ನು ನೋಡಿ ನಕ್ಕವರು ಅಲ್ಲೇ ಇದ್ದಾರೆ. ಅದೇ ಜಾಗದಲ್ಲಿ ಎರಡು ಸಾಲು ಬರೆಯಿರಿ: ‘ಕಬ್ಬು ಕಡಿಯಲು ಬರುವವರನ್ನು ಕಳ್ಳರು ಎಂಬಂತೆ ತೋರಿಸುವ ಮೀಮ್ ಹಾಕಿದ್ದೆವು. ಅದು ತಪ್ಪು, ತೆಗೆದಿದ್ದೇವೆ.’ ‘ಯಾರಿಗಾದರೂ ನೋವಾಗಿದ್ದರೆ’ ಎಂದು ಬರೆಯಬೇಡಿ. ಹಾಗೆ ಬರೆದರೆ ತಪ್ಪು ನೋವಾದವರದು ಎಂಬಂತೆ ಕೇಳಿಸುತ್ತದೆ. ಕೆಳಗೆ ‘ಇಷ್ಟಕ್ಕೆಲ್ಲ ಹೆದರ್ತೀರಾ’ ಎನ್ನುವವರು ಬರುತ್ತಾರೆ. ಅವರಿಗೆ ನಿಮ್ಮ ಅತ್ತೆ ಮನೆಯ ಕೋಳಿಯ ಉದಾಹರಣೆ ಹೇಳಿ, ಅರ್ಥವಾಗುತ್ತದೆ.

ಫೋಟೋ ಬೇರೆಯದೇ ವಿಷಯ. ಆ ಗುಡಿಸಲು ಯಾರದೋ ಮನೆ. ಒಳಗೆ ಮಲಗುವ ಮಕ್ಕಳಿದ್ದಾರೆ, ಮುಂದೆ ಒಣಹಾಕಿದ ಬಟ್ಟೆ ಇದೆ. ಕೇಳದೆ ತೆಗೆದದ್ದು ಅಲ್ವಾ? ನಿಮ್ಮ ಮೂವರ ಫೋನ್‌ಗಳಿಂದಲೂ ಅದನ್ನು ಅಳಿಸಿ. ಊರಿನ ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಗಿರುತ್ತದೆ. ಯಾವ ಗುಂಪಿಗೆ ನೀವೇ ಹಾಕಿದ್ದಿರೋ ಅಲ್ಲಿ ಅದೇ ಎರಡು ಸಾಲು ಹಾಕಿ, ತೆಗೆಯಲು ಹೇಳಿ.

ಸೀಸನ್ ಮೇಲೆ ನಗಬೇಕೆಂದರೆ ವಿಷಯ ಬೇಕಾದಷ್ಟಿದೆ. ಕಾರ್ಖಾನೆಯ ಯಾರ್ಡಿನಲ್ಲಿ ಸರದಿಗೆ ನಿಂತು ನಿಂತು ಒಣಗುವ ಕಬ್ಬು, ಕಬ್ಬು ಹೋದರೂ ಬಾರದ ಬಿಲ್ಲು. ಅದಕ್ಕೆ ಹೊಲದ ಮಾಲೀಕನೂ ನಗುತ್ತಾನೆ, ಡ್ರೈವರೂ ನಗುತ್ತಾನೆ, ಟನ್ ಲೆಕ್ಕದಲ್ಲಿ ಕೂಲಿ ಕಾಯುವ ಗ್ಯಾಂಗಿನವನೂ ನಗುತ್ತಾನೆ.

ಆ ಹುಡುಗನಿಗೆ ಬೇರೆಯಾಗಿ ಒಂದು ಮೆಸೇಜ್ ಕಳಿಸಿ. ಪೋಸ್ಟ್ ತೆಗೆದಿದ್ದೇವೆ, ನಿಮ್ಮ ಅವ್ವನ ಬಗ್ಗೆ ನಾವು ಹಾಗೆ ಬರೆದದ್ದು ತಪ್ಪು, ಇಷ್ಟೇ. ಪೇಜ್‌ಗೆ ವಾಪಸ್ ಬನ್ನಿ ಎಂದು ಕೇಳಬೇಡಿ. ಅವನು ಉತ್ತರ ಕೊಡದಿದ್ದರೆ ಮತ್ತೆ ಬರೆಯಬೇಡಿ.